ಒಡವೆ ಅಂಗಡಿಯ ತಿಂಗಳ ಚಿನ್ನದ ಸ್ಕೀಮ್: ಸೇರುವ ಮೊದಲು ಓದಬೇಕಾದ ಷರತ್ತುಗಳು, ಕೊನೆಯಲ್ಲಿ ನೋಡಬೇಕಾದ ಬಿಲ್ಲು

ಒಡವೆ ಅಂಗಡಿಗಳು ನಡೆಸುವ ತಿಂಗಳ ಕಂತಿನ ಸ್ಕೀಮನ್ನು ಬಹಳ ಮನೆಗಳಲ್ಲಿ ‘ಚಿನ್ನದ ಚೀಟಿ’ ಎಂದೇ ಕರೆಯುತ್ತಾರೆ. ಆದರೆ ಅದು ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗುವ ಚೀಟಿಯಲ್ಲ, ಬ್ಯಾಂಕಿನ ಆರ್‌ಡಿಯೂ ಅಲ್ಲ. ಮುಂದೊಂದು ದಿನ ಅದೇ ಅಂಗಡಿಯಲ್ಲಿ ಕೊಳ್ಳಲಿರುವ ಒಡವೆಗೆ ಈಗಿನಿಂದಲೇ ಕೊಡುತ್ತಾ ಹೋಗುವ ಮುಂಗಡ ಅದು. ಬಹುತೇಕ ಷರತ್ತುಗಳು ಹುಟ್ಟುವುದು ಈ ಒಂದು ಸಂಗತಿಯಿಂದಲೇ: ಹಣ ನಗದಾಗಿ ಏಕೆ ಹಿಂದಕ್ಕೆ ಬರುವುದಿಲ್ಲ, ಅವಧಿ ಏಕೆ ಹನ್ನೊಂದು ತಿಂಗಳು, ಲಾಭ ಬಡ್ಡಿಯಾಗಿ ಬರದೆ ರಿಯಾಯಿತಿಯಾಗಿ ಏಕೆ ಬರುತ್ತದೆ ಎಂಬುದಕ್ಕೆಲ್ಲ ಉತ್ತರ ಇಲ್ಲಿದೆ.

ಅವಧಿ ಹನ್ನೊಂದು ತಿಂಗಳಿಗೇ ಏಕೆ ನಿಲ್ಲುತ್ತದೆ

ಹಿಂದೆ ಹದಿನೆಂಟು ತಿಂಗಳು, ಎರಡು ವರ್ಷ, ಮೂರು ವರ್ಷದ ಸ್ಕೀಮುಗಳೂ ಇದ್ದವು. 2014ರ ಏಪ್ರಿಲ್‌ನಲ್ಲಿ 2013ರ ಕಂಪನಿ ಕಾಯ್ದೆಯ ಠೇವಣಿ ನಿಯಮಗಳು ಜಾರಿಗೆ ಬಂದ ಮೇಲೆ ಚಿತ್ರ ಬದಲಾಯಿತು. ಸರಕು ಕೊಡುವುದಕ್ಕಾಗಿ ಕಂಪನಿಯೊಂದು ಪಡೆದ ಮುಂಗಡವು, ಪಡೆದ ದಿನದಿಂದ 365 ದಿನಗಳೊಳಗೆ ಆ ಸರಕಿನ ಲೆಕ್ಕಕ್ಕೆ ಹೊಂದಿಕೆಯಾದರೆ ಮಾತ್ರ, ಠೇವಣಿ ಅಲ್ಲವೆಂದು ಆ ನಿಯಮಗಳು ಹೇಳುತ್ತವೆ. ದಿನ ಮೀರಿದರೆ ಅದು ಠೇವಣಿಯಾಗುತ್ತದೆ, ಠೇವಣಿಗಿರುವ ಎಲ್ಲ ಕಟ್ಟುಪಾಡುಗಳೂ ಕಂಪನಿಯ ತಲೆಗೆ ಬರುತ್ತವೆ. ಆದ್ದರಿಂದ ಕಂಪನಿಯಾಗಿ ನೋಂದಣಿಯಾದ ದೊಡ್ಡ ಅಂಗಡಿಗಳು ಹತ್ತು ಅಥವಾ ಹನ್ನೊಂದು ಕಂತಿಗೆ ನಿಲ್ಲಿಸಿ, ಮೊದಲ ಕಂತಿನಿಂದ ಒಂದು ವರ್ಷ ತುಂಬುವುದರೊಳಗೆ ಒಡವೆ ತೆಗೆದುಕೊಳ್ಳುವಂತೆ ಹೇಳುತ್ತವೆ.

ಇದರಿಂದ ಗ್ರಾಹಕರಿಗೆ ಎರಡು ಉಪಯೋಗಗಳಿವೆ. ಒಂದು, ಯಾರಾದರೂ ಎರಡು ಮೂರು ವರ್ಷದ ಕಂತಿನ ಚಿನ್ನದ ಸ್ಕೀಮ್ ಹೇಳಿದರೆ ಅಲ್ಲಿಯೇ ನಿಂತು ವಿಚಾರಿಸಬೇಕೆಂದು ಗೊತ್ತಾಗುತ್ತದೆ. ಇನ್ನೊಂದು, ಅಂಗಡಿಯವರು ‘ಅವಧಿ ಮುಗಿದಿದೆ, ಬೇಗ ಬನ್ನಿ’ ಎಂದು ಫೋನ್ ಮಾಡುವುದು ಬರಿಯ ವ್ಯಾಪಾರದ ಅವಸರವಲ್ಲ ಎಂಬುದು ಅರ್ಥವಾಗುತ್ತದೆ. ಊರಿನ ಮಾಲೀಕತ್ವದ ಅಥವಾ ಪಾಲುದಾರಿಕೆಯ ಅಂಗಡಿಗಳಿಗೆ ಕಂಪನಿ ನಿಯಮಗಳು ಅನ್ವಯಿಸುವುದಿಲ್ಲ. ಆದರೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಅವುಗಳಿಗೂ ಅನ್ವಯಿಸುತ್ತದೆ. ಕಂತಿನ ಮೇಲೆ ಇಂತಿಷ್ಟು ಬಡ್ಡಿ ಸೇರಿಸಿ ನಗದನ್ನೇ ಹಿಂದಿರುಗಿಸುತ್ತೇವೆ ಎಂದು ಒಂದು ಒಡವೆ ಅಂಗಡಿ ಹೇಳಿದರೆ, ಅದು ಒಡವೆಯ ಮುಂಗಡವಾಗಿ ಉಳಿಯುವುದಿಲ್ಲ. ಅಂಥಲ್ಲಿ ಸೇರದಿರುವುದೇ ಸರಿ.

ಮೊದಲ ಹಂತ: ರೂಪಾಯಿ ಲೆಕ್ಕವೋ, ಗ್ರಾಂ ಲೆಕ್ಕವೋ ಎಂದು ತಿಳಿಯುವುದು

ಹೆಸರುಗಳು ನೂರಿದ್ದರೂ ಸ್ಕೀಮುಗಳು ಮುಖ್ಯವಾಗಿ ಎರಡು ಬಗೆ. ರೂಪಾಯಿ ಲೆಕ್ಕದ ಸ್ಕೀಮಿನಲ್ಲಿ ಕಟ್ಟಿದ ಹಣ ಹಣವಾಗಿಯೇ ಜಮೆಯಾಗುತ್ತಾ ಹೋಗುತ್ತದೆ. ಕೊನೆಗೆ ಅಂಗಡಿ ತನ್ನ ಕಡೆಯಿಂದ ಒಂದು ಕಂತನ್ನೋ ಅರ್ಧ ಕಂತನ್ನೋ ಬೋನಸ್ಸಾಗಿ ಸೇರಿಸಿ, ಒಡವೆ ಕೊಳ್ಳುವ ದಿನದ ದರದಲ್ಲಿ ಚಿನ್ನ ಕೊಡುತ್ತದೆ. ಗ್ರಾಂ ಲೆಕ್ಕದ ಸ್ಕೀಮಿನಲ್ಲಿ ಪ್ರತಿ ಕಂತೂ ಕಟ್ಟಿದ ದಿನದ 22 ಕ್ಯಾರೆಟ್ ದರದಲ್ಲಿ ತೂಕವಾಗಿ ಬದಲಾಗುತ್ತದೆ. ಅಲ್ಲಿ ಬೋನಸ್ ಇರುವುದು ಕಡಿಮೆ. ಅದರ ಬದಲು ಕೊನೆಗೆ ಒಡವೆ ಕೊಳ್ಳುವಾಗ ವೇಸ್ಟೇಜನ್ನು, ಅಂದರೆ ಒಡವೆ ಮಾಡುವಾಗ ಸವೆಯುವ ಚಿನ್ನಕ್ಕೆಂದು ಅಂಗಡಿ ಹಾಕುವ ಶುಲ್ಕವನ್ನು, ಒಂದು ಮಿತಿಯವರೆಗೆ ಬಿಡುತ್ತಾರೆ.

ಒಂದು ಲೆಕ್ಕ ನೋಡೋಣ. ದಾವಣಗೆರೆಯ ಶಿಕ್ಷಕಿಯೊಬ್ಬರು ತಿಂಗಳಿಗೆ ₹5,000ದಂತೆ ಹನ್ನೊಂದು ಕಂತು ಕಟ್ಟುತ್ತಾರೆ ಎಂದುಕೊಳ್ಳಿ, ಒಟ್ಟು ₹55,000. ಮೊದಲ ಕಂತಿನ ದಿನ ಗ್ರಾಂಗೆ ₹9,000 ಇದ್ದ ದರ ತಿಂಗಳಿಗೆ ನೂರರಂತೆ ಏರಿ ಹನ್ನೊಂದನೆಯ ಕಂತಿಗೆ ₹10,000 ಆಯಿತೆನ್ನಿ. (ಲೆಕ್ಕ ಸುಲಭವಾಗಲೆಂದು ಈ ದರಗಳನ್ನು ಇಟ್ಟುಕೊಂಡಿದ್ದೇನೆ. ನಿಜದ ದರ ಹೀಗೆ ಮೆಟ್ಟಿಲು ಹತ್ತಿದಂತೆ ಏರುವುದಿಲ್ಲ.) ಗ್ರಾಂ ಲೆಕ್ಕದಲ್ಲಿ ಅವರ ಖಾತೆಯಲ್ಲಿ ಸುಮಾರು 5.796 ಗ್ರಾಂ ಸೇರಿರುತ್ತದೆ. ರೂಪಾಯಿ ಲೆಕ್ಕದಲ್ಲಾದರೆ ₹10,000ದ ದರಕ್ಕೆ ಸಿಗುವುದು 5.5 ಗ್ರಾಂ. ಅರ್ಧ ಕಂತು ಬೋನಸ್ ಸಿಕ್ಕರೆ 5.75 ಗ್ರಾಂ, ಪೂರ್ಣ ಕಂತು ಸಿಕ್ಕರೆ 6 ಗ್ರಾಂ ಆಗುತ್ತದೆ.

ಈಗ ದರ ತಿರುಗುಮುರುಗಾಗಿ ₹10,000ದಿಂದ ₹9,000ಕ್ಕೆ ಇಳಿಯಿತೆಂದುಕೊಳ್ಳಿ. ಗ್ರಾಂ ಲೆಕ್ಕದಲ್ಲಿ ಮತ್ತೆ ಅದೇ 5.796 ಗ್ರಾಂ ಇರುತ್ತದೆ, ಏಕೆಂದರೆ ಕೊಂಡ ದರಗಳು ಅವೇ. ರೂಪಾಯಿ ಲೆಕ್ಕದಲ್ಲಿ ಮಾತ್ರ ಬೋನಸ್ಸಿಲ್ಲದೆಯೇ 6.11 ಗ್ರಾಂ ಬರುತ್ತದೆ. ಅಂದರೆ ದರ ಏರಿದರೆ ಗ್ರಾಂ ಸ್ಕೀಮು ಸ್ವಲ್ಪ ಕಾಪಾಡುತ್ತದೆ, ಇಳಿದರೆ ರೂಪಾಯಿ ಸ್ಕೀಮು. ಎರಡು ವರ್ಷಗಳಾಚೆ ನಡೆಯಲಿರುವ ಮದುವೆಗೆ ಇಂತಿಷ್ಟು ಗ್ರಾಂ ಬೇಕೇ ಬೇಕು ಎನ್ನುವವರಿಗೆ ಗ್ರಾಂ ಲೆಕ್ಕ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಉಳಿದವರು ದರದ ಭವಿಷ್ಯ ನುಡಿಯುವುದನ್ನು ಬಿಟ್ಟು ಮುಂದಿನ ಹಂತಕ್ಕೆ ಗಮನ ಕೊಡುವುದು ಒಳಿತು, ಏಕೆಂದರೆ ಹೆಚ್ಚಿನ ಹಣ ಹೋಗುವುದು ಅಲ್ಲಿ.

ಎರಡನೆಯ ಹಂತ: ವೇಸ್ಟೇಜ್ ಷರತ್ತನ್ನು ಅಕ್ಷರ ಬಿಡದೆ ಓದುವುದು

ಹನ್ನೊಂದು ಕಂತಿಗೆ ಒಂದು ಕಂತು ಉಚಿತ ಎಂಬುದು ಕೇಳಲು ಬಹಳ ದೊಡ್ಡದು. ಮೇಲಿನ ಉದಾಹರಣೆಯಲ್ಲಿ ₹5,000 ಬೋನಸ್ ಎಂದರೆ ವರ್ಷಕ್ಕೆ ಶೇ 18ರ ಆಸುಪಾಸಿನ ಸರಳ ಬಡ್ಡಿಗೆ ಸಮ. ಅದೇ ಹಣವನ್ನು ಶೇ 6.5ರ ಆರ್‌ಡಿಗೆ ಹಾಕಿದ್ದರೆ ಹನ್ನೊಂದು ತಿಂಗಳಿಗೆ ಬರುತ್ತಿದ್ದುದು ₹1,800ರ ಆಸುಪಾಸು. ಅಂಗಡಿಗೆ ಇಷ್ಟು ಕೊಡುವುದು ಹೇಗೆ ಸಾಧ್ಯವೆಂದರೆ, ಅದು ಈ ಲಾಭವನ್ನು ಕೊಡುವುದು ತಾನೇ ನಿಗದಿ ಮಾಡುವ ವೇಸ್ಟೇಜ್ ಮತ್ತು ಮೇಕಿಂಗ್ ಚಾರ್ಜಿನಿಂದ. ಕೆಲವು ಕಡೆ ಇದನ್ನು ವಿ.ಎ., ಅಂದರೆ ವ್ಯಾಲ್ಯೂ ಅಡಿಷನ್, ಎಂದು ಬರೆಯುತ್ತಾರೆ. ಚಿನ್ನದ ದರ ಊರಿಗೆಲ್ಲ ಹೆಚ್ಚುಕಡಿಮೆ ಒಂದೇ ಇರುತ್ತದೆ. ವೇಸ್ಟೇಜ್ ಹಾಗಲ್ಲ, ಒಡವೆಯಿಂದ ಒಡವೆಗೆ, ಅಂಗಡಿಯಿಂದ ಅಂಗಡಿಗೆ ಬೇರೆ. ಅದಕ್ಕೆ ಸರ್ಕಾರ ಹಾಕಿದ ಮಿತಿಯೂ ಇಲ್ಲ. ಪಕ್ಕದ ಅಂಗಡಿಯಲ್ಲಿ ಶೇ 10ಕ್ಕೆ ಸಿಗುವಂಥ ಸರಕ್ಕೆ ಸ್ಕೀಮಿನ ಅಂಗಡಿಯಲ್ಲಿ ಶೇ 18 ಇದ್ದರೆ, ₹60,000ದ ಚಿನ್ನದ ಮೇಲೆ ವ್ಯತ್ಯಾಸ ₹4,800. ಬೋನಸ್ಸಾಗಿ ಬಂದ ₹5,000 ಅಲ್ಲಿಗೆ ಮುಗಿಯಿತು.

ಗ್ರಾಂ ಸ್ಕೀಮಿನಲ್ಲಿ ‘ವೇಸ್ಟೇಜ್ ಇಲ್ಲ’ ಎಂಬ ದಪ್ಪಕ್ಷರದ ಕೆಳಗೆ ಸಾಮಾನ್ಯವಾಗಿ ಮೂರು ಸಣ್ಣಕ್ಷರದ ಮಾತುಗಳಿರುತ್ತವೆ. ವಿನಾಯಿತಿ ಇಂತಿಷ್ಟು ಶೇಕಡದವರೆಗೆ ಮಾತ್ರ ಎಂಬುದು ಒಂದು. ಖಾತೆಯಲ್ಲಿ ಸೇರಿದ ತೂಕಕ್ಕೆ ಮಾತ್ರ, ಹೆಚ್ಚಿನ ತೂಕಕ್ಕೆ ಇಲ್ಲ ಎಂಬುದು ಇನ್ನೊಂದು. ಕೆಲವು ಬಗೆಯ ಒಡವೆಗಳಿಗೆ ಅನ್ವಯಿಸುವುದಿಲ್ಲ ಎಂಬುದು ಮೂರನೆಯದು. ಈ ಹೊರಗಿಟ್ಟ ಪಟ್ಟಿಯಲ್ಲಿ ಚಿನ್ನದ ನಾಣ್ಯ, ವಜ್ರದ ಒಡವೆ, ನಕಾಶಿ ಕೆಲಸದ ಟೆಂಪಲ್ ಜ್ಯುವೆಲರಿ, ಆಂಟಿಕ್ ಒಡವೆಗಳು ಹೆಚ್ಚಾಗಿ ಕಾಣುತ್ತವೆ. ಒಡವೆ ಬೇಡ, ನಾಣ್ಯ ತೆಗೆದುಕೊಂಡು ಇಡುತ್ತೇನೆ ಎಂದು ಸೇರುವವರು ಈ ಸಾಲನ್ನು ಮೊದಲು ಹುಡುಕಬೇಕು.

ಮತ್ತೆ ಅದೇ ಶಿಕ್ಷಕಿಯ ಬಿಲ್ಲನ್ನೇ ನೋಡಿ. ಗ್ರಾಂ ಸ್ಕೀಮಿನಲ್ಲಿ ಅವರದು 5.796 ಗ್ರಾಂ ಇದೆ, ವೇಸ್ಟೇಜ್ ವಿನಾಯಿತಿ ಶೇ 15ರವರೆಗೆ. ಅವರು ಮೆಚ್ಚಿದ ಸರ 8 ಗ್ರಾಂ, ಅದರ ವೇಸ್ಟೇಜ್ ಶೇ 18, ಅಂದಿನ ದರ ₹10,000. ಹೆಚ್ಚುವರಿ 2.204 ಗ್ರಾಂ ಚಿನ್ನಕ್ಕೆ ₹22,040 ಕೊಡಬೇಕು. ಇಡೀ ಸರದ ವೇಸ್ಟೇಜ್ 1.44 ಗ್ರಾಂ. ಅದರಲ್ಲಿ ಮಾಫಿಯಾಗುವುದು ಸೇರಿದ ತೂಕದ ಶೇ 15, ಅಂದರೆ 0.869 ಗ್ರಾಂ. ಉಳಿದ 0.571 ಗ್ರಾಂಗೆ ಸುಮಾರು ₹5,706 ಆಗುತ್ತದೆ. ಸರದ ಪೂರ್ತಿ ಬೆಲೆಯನ್ನು ಅಂದಿನ ದರದಲ್ಲೇ ಬಿಲ್ ಮಾಡಿದರೆ ₹85,706 ಮೇಲೆ ಶೇ 3ರ ಜಿಎಸ್‌ಟಿ ₹2,571. ಒಟ್ಟು ಕೈಯಿಂದ ಕೊಡಬೇಕಾದದ್ದು ₹30,317. ‘ವೇಸ್ಟೇಜ್ ಇಲ್ಲ’ ಎಂದು ನಂಬಿ ಬಂದವರಿಗೆ ಈ ಮೊತ್ತ ಅನಿರೀಕ್ಷಿತವಾಗಿ ಕಾಣುತ್ತದೆ. ಆದರೆ ಅಂಗಡಿ ಇಲ್ಲಿ ಷರತ್ತಿಗೆ ವಿರುದ್ಧವಾಗಿ ಏನೂ ಮಾಡಿಲ್ಲ.

ಇದನ್ನು ಸೇರುವ ಮೊದಲೇ ತಿಳಿದುಕೊಳ್ಳುವ ದಾರಿ ಸರಳ. ಕೊನೆಗೆ ಯಾವ ಬಗೆಯ ಒಡವೆ ಕೊಳ್ಳುವ ಮನಸ್ಸಿದೆಯೋ ಅಂಥದ್ದನ್ನು ಇಂದೇ ಆರಿಸಿ, ಅಂಗಡಿಯಲ್ಲಿ ಎಸ್ಟಿಮೇಟ್ ಚೀಟಿ ಕೇಳಿ ಪಡೆಯಿರಿ. ಅದೇ ತೂಕದ, ಅದೇ ಬಗೆಯ ಕೆಲಸದ ಒಡವೆಗೆ ಇನ್ನೊಂದು ಅಂಗಡಿಯಲ್ಲೂ ಚೀಟಿ ಪಡೆಯಿರಿ. ನಂತರ ಸ್ಕೀಮಿನವರನ್ನು ಒಂದೇ ಪ್ರಶ್ನೆ ಕೇಳಿ: ‘ನಾನು ಇಷ್ಟು ಕಂತು ಕಟ್ಟಿ ಮುಗಿಸಿದ್ದೇನೆ ಎಂದುಕೊಂಡು ಇದೇ ಒಡವೆಗೆ ಬಿಲ್ ಹಾಕಿ ತೋರಿಸುತ್ತೀರಾ?’ ಪಾಂಪ್ಲೆಟ್ ಎಷ್ಟು ಓದಿದರೂ ತಿಳಿಯದ್ದು ಆ ಒಂದು ಬಿಲ್ಲಿನಲ್ಲಿ ತಿಳಿಯುತ್ತದೆ. ತೋರಿಸಲು ಒಪ್ಪದ ಕೌಂಟರಿನಲ್ಲಿ ಮೊದಲ ಕಂತು ಕಟ್ಟುವ ಅಗತ್ಯವಿಲ್ಲ.

ಮೂರನೆಯ ಹಂತ: ದಿನಾಂಕಗಳನ್ನು ಲೆಕ್ಕ ಹಾಕಿ ಶುರು ಮಾಡುವುದು

365 ದಿನಗಳ ಎಣಿಕೆ ಮೊದಲ ಕಂತಿನ ದಿನದಿಂದ ಆರಂಭವಾಗುತ್ತದೆ. ಏಪ್ರಿಲ್ 5ಕ್ಕೆ ಸೇರಿದವರ ಹನ್ನೊಂದನೆಯ ಕಂತು ಫೆಬ್ರವರಿ 5ಕ್ಕೆ ಮುಗಿಯುತ್ತದೆ, ಒಡವೆ ತೆಗೆದುಕೊಳ್ಳಲು ಏಪ್ರಿಲ್ ಮೊದಲ ವಾರದವರೆಗೆ ಅವಕಾಶ ಉಳಿಯುತ್ತದೆ. ಅಕ್ಷಯ ತೃತೀಯದಂದು ತೆಗೆದುಕೊಳ್ಳಬೇಕೆಂಬ ಆಸೆ ಇವರಿಗೆ ಈಡೇರುವುದಿಲ್ಲ, ಏಕೆಂದರೆ ಆ ಹಬ್ಬ ಏಪ್ರಿಲ್ ಉತ್ತರಾರ್ಧದಿಂದ ಮೇ ಮಧ್ಯದೊಳಗೆ ಬರುತ್ತದೆ. ಹಬ್ಬವೋ ಮದುವೆಯೋ ಮನಸ್ಸಿನಲ್ಲಿದ್ದರೆ ಅದರಿಂದ ಹಿಂದಕ್ಕೆ ಎಣಿಸಿ, ಅಕ್ಷಯ ತೃತೀಯಕ್ಕೆ ಬೇಕಾದವರು ಜೂನ್ ಆರಂಭದಲ್ಲಿ ಸೇರುವುದು ಹೊಂದುತ್ತದೆ.

ತಪ್ಪಿದ ಕಂತಿನ ಷರತ್ತು ಈ ಎಣಿಕೆಯೊಂದಿಗೆ ಹೆಣೆದುಕೊಂಡಿದೆ. ಎರಡು ಕಂತು ತಪ್ಪಿ ಆ ಎರಡು ತಿಂಗಳು ಮುಂದಕ್ಕೆ ಹೋದರೆ ಹನ್ನೊಂದನೆಯ ಕಂತು ವರ್ಷದ ಗಡಿಗೇ ಬಂದು ನಿಲ್ಲುತ್ತದೆ. ಆಗ ಬಹಳ ಅಂಗಡಿಗಳು ಕಟ್ಟಿದಷ್ಟಕ್ಕೇ ಖಾತೆ ಮುಗಿಸಿ ಬೋನಸ್ಸನ್ನು ಕಡಿಮೆ ಮಾಡುತ್ತವೆ ಅಥವಾ ಪೂರ್ತಿ ತೆಗೆದುಬಿಡುತ್ತವೆ. ಒಂದು ಕಂತು ತಪ್ಪಿದರೂ ಬೋನಸ್ ಹೋಗುತ್ತದೆಯೇ, ಒಂದೇ ತಿಂಗಳಲ್ಲಿ ಎರಡು ಕಂತು ಕಟ್ಟಲು ಬಿಡುತ್ತಾರೆಯೇ, ಅವಧಿ ಮುಗಿದ ಮೇಲೂ ಬಾರದಿದ್ದರೆ ಹಣ ಏನಾಗುತ್ತದೆ ಎಂಬ ಮೂರಕ್ಕೂ ಬರಹದಲ್ಲಿ ಉತ್ತರ ಇರಬೇಕು. ಬ್ಯಾಂಕಿನಿಂದ ತಾನಾಗಿ ಕಂತು ಹೋಗುವಂತೆ ಮಾಡಿದ್ದರೆ, ಗ್ರಾಂ ಸ್ಕೀಮಿನವರು ಇನ್ನೊಂದನ್ನೂ ನೋಡಬೇಕು: ದರ ಹಣ ಕಡಿತವಾದ ದಿನದ್ದೋ, ಅಂಗಡಿಯ ಖಾತೆಗೆ ಸೇರಿದ ದಿನದ್ದೋ?

ನಡುವೆ ನಿಲ್ಲಿಸಬೇಕಾದಾಗಿನ ಷರತ್ತನ್ನು ಆಸ್ಪತ್ರೆಯ ಖರ್ಚೋ, ಕಾಲೇಜಿನ ಶುಲ್ಕವೋ ಎದುರಾಗಬಹುದಾದ ಮನೆಯವರು ಎರಡು ಬಾರಿ ಓದಲಿ. ಸಾಮಾನ್ಯವಾಗಿ ಅದುವರೆಗಿನ ಹಣಕ್ಕೆ ಒಡವೆ ಕೊಡುತ್ತಾರೆ, ಬೋನಸ್ ಇರುವುದಿಲ್ಲ, ವೇಸ್ಟೇಜ್ ಪೂರ್ತಿ ಬೀಳುತ್ತದೆ. ನಗದು ಹಿಂದಿರುಗಿಸುವ ಅಂಗಡಿಗಳೂ ಇವೆ, ಆದರೆ ಸೇರುವಾಗ ಕೊಟ್ಟ ಬೆಳ್ಳಿ ನಾಣ್ಯದ ಅಥವಾ ಉಡುಗೊರೆಯ ಬೆಲೆಯನ್ನು ಕಳೆಯುವುದುಂಟು. ತುರ್ತಿಗೆಂದು ಇಟ್ಟ ಹಣವನ್ನು ಈ ಸ್ಕೀಮಿಗೆ ಹಾಕುವುದು ಸರಿಯಲ್ಲ ಎನ್ನುವುದು ಇದೇ ಕಾರಣಕ್ಕೆ.

ನಾಲ್ಕನೆಯ ಹಂತ: ಹಣ ಯಾರ ಕೈಗೆ ಹೋಗುತ್ತಿದೆ ಎಂದು ನೋಡುವುದು

ಬ್ಯಾಂಕಿನ ಠೇವಣಿಗೆ ₹5 ಲಕ್ಷದವರೆಗೆ ವಿಮೆಯಿದೆ. ಒಡವೆ ಅಂಗಡಿಗೆ ಕೊಟ್ಟ ಮುಂಗಡಕ್ಕೆ ಅಂಥ ಯಾವ ವಿಮೆಯೂ ಇಲ್ಲ. ರಿಸರ್ವ್ ಬ್ಯಾಂಕಾಗಲಿ ಸೆಬಿಯಾಗಲಿ ಇದರ ಹೊಣೆ ಹೊರುವುದಿಲ್ಲ. ಅಂಗಡಿ ದಿವಾಳಿಯಾದರೆ ಕಂತು ಕಟ್ಟಿದವರು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ, ಅಂದರೆ ಬ್ಯಾಂಕುಗಳು ತಮ್ಮ ಅಡಮಾನವನ್ನು ವಸೂಲಿ ಮಾಡಿಕೊಂಡ ಮೇಲೆ, ಉಳಿದದ್ದಕ್ಕೆ ಕಾಯುತ್ತಾ ನಿಲ್ಲುತ್ತಾರೆ.

ಆದ್ದರಿಂದ ರಸೀದಿಯ ಮೇಲಿನ ಹೆಸರನ್ನು ಓದಿ. ಬೋರ್ಡಿನ ಮೇಲೆ ಒಂದು ಹೆಸರು, ರಸೀದಿಯ ಮೇಲೆ ಇನ್ನೊಂದು ಹೆಸರು ಇದ್ದರೆ ಕಾರಣ ಕೇಳಿ. ರಸೀದಿಯಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು gst.gov.in ತಾಣದಲ್ಲಿ ಹಾಕಿದರೆ ವ್ಯಾಪಾರದ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ, ಅದು ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಕಂತನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕ ಅದೇ ಹೆಸರಿನ ಖಾತೆಗೆ ಕಟ್ಟಿ. ಮನೆಗೆ ಬಂದು ಕಂತು ಒಯ್ಯುವ ಏಜೆಂಟರ ವೈಯಕ್ತಿಕ ಖಾತೆಗೆ ಹಾಕಬೇಡಿ, ಅವರು ಎಷ್ಟೇ ಪರಿಚಿತರಾಗಿರಲಿ. ಪ್ರತಿ ಕಂತಿನ ರಸೀದಿಯಲ್ಲಿ ಮೊತ್ತ ಮತ್ತು ದಿನಾಂಕ, ಗ್ರಾಂ ಸ್ಕೀಮಾದರೆ ಅಂದಿನ ದರ ಮತ್ತು ಸೇರಿದ ತೂಕ ಇರಲೇಬೇಕು. ಪಾಸ್‌ಬುಕ್ಕಿನಲ್ಲಿ ಬರಿಯ ಸೀಲು ಒತ್ತಿ ಕಳಿಸುವ ಅಂಗಡಿಯಲ್ಲಿ ತೂಕದ ಲೆಕ್ಕ ಕೊನೆಗೆ ಜಗಳಕ್ಕೆ ಬರುತ್ತದೆ. ನಾಮಿನಿಯ ಹೆಸರನ್ನೂ ಸೇರುವ ದಿನವೇ ಬರೆಸಿ.

ಐದನೆಯ ಹಂತ: ಒಡವೆ ತೆಗೆದುಕೊಳ್ಳುವ ದಿನ

ಕಂತು ಕಟ್ಟುವಾಗ ಜಿಎಸ್‌ಟಿ ಇರುವುದಿಲ್ಲ, ಬಿಲ್ ಆಗುವ ದಿನ ಒಟ್ಟಿಗೆ ಬರುತ್ತದೆ. ಅಂಗಡಿಯ ಚಿನ್ನದಿಂದ ಮಾಡಿದ ಒಡವೆಯನ್ನು ಕೊಂಡಾಗ ಚಿನ್ನ, ವೇಸ್ಟೇಜ್, ಮೇಕಿಂಗ್ ಎಲ್ಲ ಸೇರಿದ ಮೊತ್ತಕ್ಕೆ ಶೇ 3. ಬೋನಸ್ಸನ್ನು ರಿಯಾಯಿತಿಯೆಂದು ಬಿಲ್ಲಿನಲ್ಲೇ ತೋರಿಸಿದರೆ ತೆರಿಗೆಯ ಮೊದಲೇ ಅದು ಕಳೆಯಬೇಕು. ತೆರಿಗೆ ಸೇರಿಸಿದ ಮೇಲೆ ಕಳೆದಿದ್ದರೆ ಬಿಲ್ ತಿದ್ದಿಸಿ. ಕಲ್ಲು ಕೂರಿಸಿದ ಒಡವೆಯಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ ಮೂರೂ ಬೇರೆ ಬೇರೆಯಾಗಿ ನಮೂದಾಗಿರಬೇಕು. ಖಾತೆಯ ಗ್ರಾಂ ಕಳೆಯಬೇಕಾದದ್ದು, ವೇಸ್ಟೇಜ್ ಹಾಕಬೇಕಾದದ್ದು ನಿವ್ವಳ ತೂಕದ ಮೇಲೆ. ಕಲ್ಲಿನ ತೂಕಕ್ಕೆ ಚಿನ್ನದ ದರ ಬಿದ್ದಿದೆಯೇ ಎಂಬುದನ್ನು ಅಲ್ಲೇ ನಿಂತು ನೋಡಿ.

2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿ ಮಾರುವಂತಿಲ್ಲ, ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಂಥ ಕೆಲವು ವಿನಾಯಿತಿಗಳನ್ನು ಬಿಟ್ಟು. ಒಡವೆಯ ಮೇಲೆ ಬಿಐಎಸ್ ಗುರುತು, 22 ಕ್ಯಾರೆಟ್ ಆದರೆ `22K916` ಎಂಬ ಶುದ್ಧತೆಯ ಗುರುತು, ಆ ಆರಕ್ಷರ ಈ ಮೂರೂ ಇರುತ್ತವೆ. ಅಂಗಡಿಯ ಭೂತಗನ್ನಡಿಯಲ್ಲಿ ಓದಿ, `BIS Care` ಆ್ಯಪಿನ `Verify HUID` ಭಾಗದಲ್ಲಿ ಹಾಕಿದರೆ ಅದು ಯಾವ ಬಗೆಯ ಒಡವೆ, ಶುದ್ಧತೆ ಎಷ್ಟು ಎಂಬುದು ಕಾಣುತ್ತದೆ. ಕೈಯಲ್ಲಿರುವುದು ಸರ, ಆ್ಯಪಿನಲ್ಲಿ ಉಂಗುರ ಎಂದು ಬಂದರೆ ಒಡವೆ ತೆಗೆದುಕೊಳ್ಳಬೇಡಿ.

ಒಡವೆಯ ಬೆಲೆ ₹2 ಲಕ್ಷ ದಾಟಿದರೆ ಪ್ಯಾನ್ ಕೊಡಬೇಕಾಗುತ್ತದೆ. ಒಂದೇ ವ್ಯವಹಾರಕ್ಕೆ ₹2 ಲಕ್ಷ ಅಥವಾ ಹೆಚ್ಚಿನ ನಗದನ್ನು ಅಂಗಡಿ ಪಡೆಯುವಂತಿಲ್ಲ, ಕಂತುಕಂತಾಗಿ ಹರಿದು ಬಂದರೂ ಅದು ಒಂದೇ ವ್ಯವಹಾರ.

ಅಂಗಡಿ ಮಾತು ತಪ್ಪಿದರೆ

ತೊಂದರೆ ಬರುವ ಮೊದಲು ಕೆಲವು ಲಕ್ಷಣಗಳು ಕಾಣುತ್ತವೆ. ಅವಧಿ ಮುಗಿದವರಿಗೆ ‘ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ’ ಎನ್ನುವುದು, ಒಡವೆ ಕೊಡುವ ಬದಲು ಅದೇ ಹಣವನ್ನು ಹೊಸ ಸ್ಕೀಮಿಗೆ ತಿರುಗಿಸಲು ಒತ್ತಾಯಿಸುವುದು, ವರ್ಷದ ಕಂತನ್ನು ಒಟ್ಟಿಗೆ ಕಟ್ಟಿದರೆ ದೊಡ್ಡ ಬೋನಸ್ ಎಂದು ಹೊಸ ಆಸೆ ತೋರಿಸುವುದು. ಇವುಗಳಲ್ಲಿ ಮೊದಲನೆಯದು ಕಂಡಾಗಲೇ ಮುಂದಿನ ಕಂತು ನಿಲ್ಲಿಸಿ, ಸೇರಿರುವಷ್ಟಕ್ಕೆ ಸಿಗುವ ಒಡವೆ ತೆಗೆದುಕೊಂಡು ಖಾತೆ ಮುಗಿಸುವುದು, ಬೋನಸ್ ಹೋದರೂ, ಜಾಣತನ.

ಅಂಗಡಿ ತೆರೆದೇ ಇದ್ದು ಷರತ್ತು ಮೀರಿದ್ದರೆ ಮೊದಲು ಬರಹದಲ್ಲಿ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ನಂತರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಲ್ಲಿ ಪಾಂಪ್ಲೆಟ್, ಸಹಿಯಿರುವ ಷರತ್ತಿನ ಹಾಳೆ, ಕಂತಿನ ರಸೀದಿಗಳು, ಎಸ್ಟಿಮೇಟ್ ಚೀಟಿ ಇವೇ ಸಾಕ್ಷಿ. ಬಾಗಿಲಿಗೆ ಬೀಗ ಬಿದ್ದಿದ್ದರೆ ಗ್ರಾಹಕರ ಆಯೋಗಕ್ಕೆ ಕಾಯಬೇಡಿ. ಪೊಲೀಸರಿಗೆ ದೂರು ಕೊಡಿ, ದೂರಿನಲ್ಲಿ 2019ರ ನಿಷೇಧ ಕಾಯ್ದೆಯನ್ನೂ 2004ರ ಕರ್ನಾಟಕ ಹಣಕಾಸು ಸಂಸ್ಥೆಗಳಲ್ಲಿ ಠೇವಣಿದಾರರ ಹಿತರಕ್ಷಣಾ ಕಾಯ್ದೆಯನ್ನೂ ಪರಿಗಣಿಸಬೇಕೆಂದು ಬರೆಯಿರಿ. ಈ ಕಾಯ್ದೆಗಳು ಅನ್ವಯಿಸಿದರೆ ಸಕ್ಷಮ ಪ್ರಾಧಿಕಾರವು ಮಾಲೀಕರ ಆಸ್ತಿ ಜಪ್ತಿ ಮಾಡಿಸಿ, ಅರ್ಜಿ ಕೊಟ್ಟವರಿಗೆ ಹಂಚುವ ಕ್ರಮ ಕೈಗೊಳ್ಳುತ್ತದೆ. ಅರ್ಜಿಗೆ ಕರೆದ ದಿನಾಂಕದೊಳಗೆ ಮೂಲ ರಸೀದಿಗಳೊಂದಿಗೆ ಹೆಸರು ಬರೆಸುವುದು ಅಲ್ಲಿ ಮುಖ್ಯ. ಮೂಲ ಪಾಸ್‌ಬುಕ್ಕನ್ನು ಯಾರ ಕೈಗೂ ಕೊಡದೆ ನಕಲನ್ನು ಮಾತ್ರ ಕೊಡಿ, ಪಡೆದುಕೊಂಡದ್ದಕ್ಕೆ ಸ್ವೀಕೃತಿ ಬರೆಸಿಕೊಳ್ಳಿ.